FC ಮೆಂಬರ್‌ನ ಚಿಹ್ನೆ ಎಲ್ಲಿ ತಿರುಗಿತು? ರೂಫ್ ಟ್ರಸ್ ಲೆಕ್ಕಕ್ಕೆ ಒಂದು ತಿದ್ದುಪಡಿ

ಕಳೆದ ವಾರ ನಾನು ಹಂಚಿದ ರೂಫ್ ಟ್ರಸ್ ಉತ್ತರದಲ್ಲಿ ತಪ್ಪಿದೆ. FC ಮೆಂಬರ್‌ಗೆ +16.67, ಟೆನ್ಷನ್ ಅಂತ ಬರೆದಿದ್ದೇನೆ. ಅದು −16.67, ಕಂಪ್ರೆಷನ್ ಆಗಬೇಕು. ಸಂಖ್ಯೆ ಸರಿ, ಚಿಹ್ನೆ ತಪ್ಪು. ಅದನ್ನು ನಂಬಿಕೊಂಡು ಮುಂದೆ ಲೆಕ್ಕ ಮಾಡಿದ್ದರಿಂದ ನಡುವಿನ ಕಂಬ CG ಕೂಡ ತಿರುಗಿಬಿದ್ದಿದೆ. ಟ್ಯುಟೋರಿಯಲ್ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ನೋಟ್ ಬುಕ್ ಹಿಡಿದು ಬಂದು, "ಮೇಡಂ, G ಜಾಯಿಂಟ್‌ನಲ್ಲಿ ತಾಳೆ ಆಗ್ತಿಲ್ಲ, 40 ಉಳೀತಿದೆ" ಅಂದಳು. ಆ 40 ಎಲ್ಲಿಂದ ಬಂತು ಅಂತ ಹಿಂದಕ್ಕೆ ಹುಡುಕಿಕೊಂಡು ಹೋದರೆ ತಪ್ಪು ಸಿಕ್ಕಿಬಿಡುತ್ತದೆ. ಉತ್ತರ ತಿದ್ದಿ ಕೊಟ್ಟು ಸುಮ್ಮನಾಗಬಹುದಿತ್ತು. ಆದರೆ ಇದೇ ತಪ್ಪು ನಿಮ್ಮ ಉತ್ತರ ಪತ್ರಿಕೆಗಳಲ್ಲೂ ಜಾಸ್ತಿ ಕಾಣುತ್ತದೆ, ಹಾಗಾಗಿ ಹುಡುಕುವ ದಾರಿಯನ್ನೇ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಟ್ರಸ್

ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಚಿತ್ರ ಬರೆಯಿರಿ. ಕೆಳಗಿನ ಟೈ ಮೇಲೆ ಎಡದಿಂದ ಬಲಕ್ಕೆ A, B, C, D, E. ಒಂದೊಂದರ ನಡುವೆ 4 ಮೀಟರ್, ಒಟ್ಟು ಸ್ಪ್ಯಾನ್ 16 ಮೀಟರ್. ಮೇಲೆ ರಾಫ್ಟರ್‌ನಲ್ಲಿ F, G, H. F ಇರುವುದು B ಯ ನೇರ ಮೇಲೆ 3 ಮೀಟರ್ ಎತ್ತರದಲ್ಲಿ, H ಇರುವುದು D ಯ ಮೇಲೆ ಅಷ್ಟೇ ಎತ್ತರದಲ್ಲಿ, G ಇರುವುದು C ಯ ಮೇಲೆ 6 ಮೀಟರ್ ಎತ್ತರದಲ್ಲಿ. ನಿಂತ ಮೆಂಬರ್‌ಗಳು BF, CG, DH. ಓರೆ ಮೆಂಬರ್‌ಗಳು FC ಮತ್ತು HC. ಎರಡೂ ಮೇಲಿನಿಂದ ನಡುವಿನ C ಕಡೆಗೆ ಇಳಿಯುತ್ತವೆ. ರಾಫ್ಟರ್ ಆಗಲಿ ಓರೆ ಮೆಂಬರ್ ಆಗಲಿ, ಎಲ್ಲದರ ಇಳಿಜಾರೂ 3-4-5 ತ್ರಿಕೋನದ್ದೇ. ಅದಕ್ಕೇ ಈ ಲೆಕ್ಕ ಆರಿಸಿದ್ದು, ಕ್ಯಾಲ್ಕುಲೇಟರ್ ಇಲ್ಲದೆ ತಾಳೆ ನೋಡಬಹುದು.

F, G, H ಮೂರೂ ಕಡೆ ಪರ್ಲಿನ್‌ನಿಂದ 20 ಕಿಲೋನ್ಯೂಟನ್ ಕೆಳಮುಖ ಲೋಡ್. A ಮತ್ತು E ಸಪೋರ್ಟ್. ತುದಿಯ ಪರ್ಲಿನ್ ಲೋಡ್ ನೇರ ಸಪೋರ್ಟ್‌ಗೆ ಇಳಿಯುತ್ತದೆ, ಯಾವ ಮೆಂಬರ್‌ಗೂ ತಾಗುವುದಿಲ್ಲ, ಅದನ್ನು ಬಿಟ್ಟಿದ್ದೇವೆ. ಹಾಗಾಗಿ ಎರಡೂ ಕಡೆ ರಿಯಾಕ್ಷನ್ 30. ಚಿಹ್ನೆಯ ಒಪ್ಪಂದ ಒಂದೇ: ಟೆನ್ಷನ್ ಪ್ಲಸ್, ಕಂಪ್ರೆಷನ್ ಮೈನಸ್.

ನಾನು ಹಂಚಿದ ಉತ್ತರ ಹೀಗಿತ್ತು. ಎಡ ಅರ್ಧ ಮಾತ್ರ ಕೊಟ್ಟಿದ್ದೇನೆ, ಬಲ ಅರ್ಧ ಅದರ ಕನ್ನಡಿ.

```
AB = BC = +40
AF = -50
BF = 0
FG = -33.33
FC = +16.67   (ತಪ್ಪು)
CG = -20      (ತಪ್ಪು)
```

G ಯಲ್ಲಿ ಉಳಿದ 40

G ಯಲ್ಲಿ ಸೇರುವುದು ಮೂರೇ ಮೆಂಬರ್: FG, GH, CG. ಜೊತೆಗೆ 20 ಲೋಡ್. ಎಲ್ಲ ಮೆಂಬರ್‌ಗಳೂ ಜಾಯಿಂಟನ್ನು ಎಳೆಯುತ್ತಿವೆ ಅಂತ ಇಟ್ಟುಕೊಂಡು, ಮೇಲ್ಮುಖವನ್ನು ಪ್ಲಸ್ ಅಂತ ಹಿಡಿದು ಟೇಬಲ್‌ನ ಬೆಲೆಗಳನ್ನು ಹಾಕಿ ನೋಡಿ.

```
-20 - 0.6(FG) - 0.6(GH) - CG
= -20 + 20 + 20 - (-20)
= +40
```

ಸೊನ್ನೆ ಬರಬೇಕಿತ್ತು, 40 ಬಂತು. ಇಲ್ಲಿ ಹೆಚ್ಚಿನವರು "ಎಲ್ಲೋ ಕೂಡೋದ್ರಲ್ಲಿ ತಪ್ಪಾಯ್ತು" ಅಂತ ಮೊದಲಿಂದ ಎಲ್ಲ ಲೆಕ್ಕ ಮತ್ತೆ ಮಾಡುತ್ತಾರೆ. ಅದು ಬೇಡ. ಉಳಿದ ಸಂಖ್ಯೆಯೇ ದಾರಿ ತೋರಿಸುತ್ತದೆ.

ಯಾವುದಾದರೂ ಒಂದು ಬಲದ ಚಿಹ್ನೆ ಮಾತ್ರ ತಿರುಗಿದರೆ, ಅದು ಕೊಡಬೇಕಿದ್ದ −20 ರ ಜಾಗದಲ್ಲಿ +20 ಕೊಡುತ್ತದೆ. ವ್ಯತ್ಯಾಸ 40. ಅಂದರೆ ಚಿಹ್ನೆಯ ತಪ್ಪಿನಿಂದ ಉಳಿಯುವುದು ಯಾವಾಗಲೂ ಆ ಬಲದ ಎರಡರಷ್ಟು. ಹಾಗಾಗಿ ಉಳಿದದ್ದನ್ನು ಅರ್ಧ ಮಾಡಿ, ಆ ಜಾಯಿಂಟ್‌ನಲ್ಲಿ ಅಷ್ಟೇ ಬೆಲೆ ಇರುವುದು ಯಾವುದು ಅಂತ ನೋಡಿ. ಸಂಖ್ಯೆಯೇ ತಪ್ಪಿದ್ದರೆ, ಅಂದರೆ ಕೂಡು ಕಳೆಯುವುದರಲ್ಲಿ ಎಡವಿದ್ದರೆ, ಈ ಅರ್ಧದ ಲೆಕ್ಕ ಸಾಮಾನ್ಯವಾಗಿ ಯಾವುದಕ್ಕೂ ಹೊಂದುವುದಿಲ್ಲ. ತಪ್ಪು ಯಾವ ಜಾತಿಯದ್ದು ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಇಲ್ಲಿ ಅರ್ಧ 20. ತೊಂದರೆ ಏನೆಂದರೆ G ಯಲ್ಲಿ ಎಲ್ಲವೂ 20. ರಾಫ್ಟರ್‌ಗಳ ಲಂಬ ಭಾಗ ತಲಾ 20, CG 20, ಲೋಡ್ ಕೂಡ 20. ಯಾವುದು ಕಳ್ಳ? ಒಂದು ರಾಫ್ಟರ್‌ನ ಚಿಹ್ನೆ ಮಾತ್ರ ತಿರುಗಿದ್ದರೆ ಅಡ್ಡ ದಿಕ್ಕಿನಲ್ಲೂ 53.33 ಉಳಿಯಬೇಕಿತ್ತು. ಅಡ್ಡ ದಿಕ್ಕಿನಲ್ಲಿ ಎರಡು ರಾಫ್ಟರ್‌ಗಳೂ ಸರಿಯಾಗಿ ಕಳೆದುಹೋಗಿ ಸೊನ್ನೆಯಾಗಿದೆ. ಎರಡೂ ರಾಫ್ಟರ್ ಒಟ್ಟಿಗೆ ತಿರುಗಿದ್ದರೆ ಉಳಿಯುವುದು 80, 40 ಅಲ್ಲ. ಲೋಡ್ ಬಾಣವನ್ನು ಮೇಲ್ಮುಖವಾಗಿ ಬರೆದಿದ್ದರೂ 40 ಬರುತ್ತದೆ, ಅದಕ್ಕೇ ಚಿತ್ರದಲ್ಲಿ ಒಮ್ಮೆ ನೋಡಿಕೊಳ್ಳಿ, ನಮ್ಮಲ್ಲಿ ಅದು ಸರಿಯಾಗೇ ಕೆಳಕ್ಕಿದೆ. ಉಳಿದದ್ದು CG ಒಂದೇ.

CG ತಪ್ಪು ಸರಿ, ಆದರೆ ಅದೇ ಮೂಲವಾ?

ಇಲ್ಲೇ ಅವಸರ ಮಾಡಬಾರದು. CG ಯನ್ನು +20 ಮಾಡಿ ಕೈ ತೊಳೆದುಕೊಂಡರೆ G ಸರಿಹೋಗುತ್ತದೆ, ಆದರೆ C ಕೆಡುತ್ತದೆ. C ಯಲ್ಲಿ ಲಂಬವಾಗಿ ನೋಡಿ.

```
CG + 0.6(FC) + 0.6(HC)
= 20 + 10 + 10
= +40
```

ಮತ್ತೆ 40. ಹಾಗೆ ಆಗಲೇಬೇಕು, ಏಕೆಂದರೆ ನಾನು CG ಯನ್ನು C ಜಾಯಿಂಟ್‌ನಿಂದಲೇ ಕಂಡುಹಿಡಿದಿದ್ದೆ. FC ಮತ್ತು HC ಎಳೆಯುತ್ತಿವೆ ಅಂತ ತಪ್ಪಾಗಿ ನಂಬಿದ್ದರಿಂದ, ಅವನ್ನು ಸರಿದೂಗಿಸಲು CG ಒತ್ತಬೇಕು ಅಂತ ಸಮೀಕರಣ ಹೇಳಿತು. ಸಮೀಕರಣದ ತಪ್ಪಲ್ಲ ಅದು, ಅದಕ್ಕೆ ಕೊಟ್ಟ ಮಾಹಿತಿ ತಪ್ಪು. ತಿದ್ದಿದ ಕೂಡಲೇ ತಪ್ಪು ಪಕ್ಕದ ಜಾಯಿಂಟ್‌ಗೆ ಜಾರಿದರೆ, ನೀವು ಹಿಡಿದದ್ದು ಮೂಲವಲ್ಲ, ಅದರ ಬಾಲ.

C ಯಲ್ಲಿ ಈ 40 ಅರ್ಧ ಮಾಡಿದರೆ 20. FC ಮತ್ತು HC ಯ ಲಂಬ ಭಾಗ ತಲಾ 10, ಎರಡೂ ಸೇರಿ 20. ಎರಡೂ ಒಟ್ಟಿಗೆ ತಿರುಗಿವೆ ಅಂತಾಯಿತು. ನಾನು ಎಡ ಅರ್ಧ ಮಾತ್ರ ಬಿಡಿಸಿ ಬಲಕ್ಕೆ ಕನ್ನಡಿ ಹಾಕಿದ್ದೆ ಅಲ್ವಾ, ತಪ್ಪಿಗೂ ಕನ್ನಡಿ ಬಿತ್ತು. ಇನ್ನೊಂದು ಮಾತು. C ಯಲ್ಲಿ ಅಡ್ಡ ದಿಕ್ಕಿನ ತಾಳೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. BC ಯನ್ನು CD ಕಳೆಯುತ್ತದೆ, FC ಯನ್ನು HC ಕಳೆಯುತ್ತದೆ, ಚಿಹ್ನೆ ಏನಿದ್ದರೂ ಸೊನ್ನೆ. ಎರಡೂ ಬದಿ ಒಂದೇ ಥರ ಇರುವ ಟ್ರಸ್‌ನಲ್ಲಿ ನಡುವಿನ ಜಾಯಿಂಟ್‌ನ ಅಡ್ಡ ತಾಳೆಯನ್ನು ನಂಬಬೇಡಿ.

F ಜಾಯಿಂಟ್: ತಪ್ಪು ಹುಟ್ಟಿದ ಜಾಗ

ಈಗ F ಗೆ ಹೋಗೋಣ. ಹಂಚಿದ ಟೇಬಲ್‌ನ ಬೆಲೆಗಳನ್ನು, ಎಲ್ಲ ಮೆಂಬರ್ ಎಳೆಯುತ್ತಿವೆ ಅಂತಲೇ ಇಟ್ಟುಕೊಂಡು, ಮತ್ತೆ ಹಾಕೋಣ. ಬಲಕ್ಕೆ ಪ್ಲಸ್, ಮೇಲಕ್ಕೆ ಪ್ಲಸ್.

```
ಅಡ್ಡ:  -0.8(-50) + 0.8(-33.33) + 0.8(+16.67) = +26.67
ಲಂಬ:  -0.6(-50) + 0.6(-33.33) - 0.6(+16.67) - 20 = -20
```

ಇದನ್ನು ಸ್ವಲ್ಪ ಹೊತ್ತು ನೋಡಿ. ಬಲಕ್ಕೆ 26.67, ಕೆಳಕ್ಕೆ 20. ಅನುಪಾತ 4 ಕ್ಕೆ 3. ಬಲಕ್ಕೆ ನಾಲ್ಕು, ಕೆಳಕ್ಕೆ ಮೂರು ಹೋದರೆ F ನಿಂದ ನೇರ C ಗೆ ಹೋಗುತ್ತೀರಿ. ಉಳಿದ ಬಲ FC ಮೆಂಬರ್‌ನ ಗೆರೆಯ ಮೇಲೇ ಮಲಗಿದೆ! ಅದರ ಒಟ್ಟು ಅಳತೆ 33.33, ಅಂದರೆ 16.67 ರ ಎರಡರಷ್ಟು. ನನಗೆ ಈ ಲೆಕ್ಕದಲ್ಲಿ ಅತಿ ಇಷ್ಟವಾಗುವ ಜಾಗ ಇದು. ಒಂದು ಜಾಯಿಂಟ್‌ನಲ್ಲಿ ಒಂದೇ ಮೆಂಬರ್‌ನ ಚಿಹ್ನೆ ತಪ್ಪಿದ್ದರೆ, ಉಳಿದ ಬಲ ಆ ಮೆಂಬರ್‌ನ ದಿಕ್ಕಿನಲ್ಲೇ ಬೆರಳು ತೋರಿಸುತ್ತದೆ. ಎರಡು ಸಂಖ್ಯೆಗಳ ಅನುಪಾತ ನೋಡಿದರೆ ಸಾಕು.

ಹಾಗಾದರೆ F ಅನ್ನು ಬಿಡಿಸುವಾಗ ಯಾಕೆ ಕಾಣಲಿಲ್ಲ? ನನ್ನ ಕೈಬರಹದ ಹಾಳೆಯಲ್ಲಿ F ನ ಫ್ರೀ ಬಾಡಿ ಡಯಾಗ್ರಾಮ್ ತೆಗೆದು ನೋಡಿದೆ. FC ಬಾಣವನ್ನು F ಕಡೆಗೆ ಬರೆದಿದ್ದೆ, ಅಂದರೆ "ಇದು ಒತ್ತುತ್ತದೆ" ಅಂತ ಮೊದಲೇ ಊಹಿಸಿದ್ದೆ. ಊಹೆ ಸರಿಯಾಗೇ ಇತ್ತು. ಬಿಡಿಸಿದಾಗ +16.67 ಬಂತು. ಆ ಪ್ಲಸ್‌ನ ಅರ್ಥ "ಬಾಣದ ದಿಕ್ಕು ಸರಿ" ಅಂತ, ಅಂದರೆ ಕಂಪ್ರೆಷನ್. ಆದರೆ ಟೇಬಲ್‌ಗೆ ಇಳಿಸುವಾಗ ಪ್ಲಸ್ ನೋಡಿ ಟೆನ್ಷನ್ ಅಂತ ಬರೆದೆ, ಏಕೆಂದರೆ ಆ ಟೇಬಲ್‌ನಲ್ಲಿ ಪ್ಲಸ್ ಅಂದರೆ ಟೆನ್ಷನ್. ಒಂದೇ ಪ್ಲಸ್ ಗುರುತು, ಎರಡು ಕಡೆ ಎರಡು ಅರ್ಥ. ಲೆಕ್ಕದ ಒಂದು ಸಾಲೂ ತಪ್ಪಿಲ್ಲ, ಓದಿಕೊಂಡದ್ದು ತಪ್ಪು.

ಅದಕ್ಕೇ ಈ ತಪ್ಪಿನಲ್ಲಿ FG ಸರಿಯಾಗೇ ಉಳಿದಿದೆ. ಇದೂ ಒಂದು ಗುರುತು. ಇನ್ನೊಂದು ಥರದ ತಪ್ಪಿದೆ, ಅದನ್ನು ಇದರ ಜೊತೆ ಕಲಸಿಕೊಳ್ಳಬೇಡಿ. A ಜಾಯಿಂಟ್‌ನಲ್ಲಿ AF ಗೆ −50 ಬರುತ್ತದೆ. F ಗೆ ಬಂದಾಗ ಕೆಲವರು "ಕಂಪ್ರೆಷನ್ ಅಲ್ವಾ" ಅಂತ ಬಾಣವನ್ನು ತಿರುಗಿಸಿ ಒತ್ತುವ ಹಾಗೆ ಬರೆಯುತ್ತಾರೆ, ಆಮೇಲೆ ಬೆಲೆಯನ್ನೂ −50 ಅಂತಲೇ ಹಾಕುತ್ತಾರೆ. ಎರಡು ಸಲ ತಿರುಗಿಸಿದ ಹಾಗಾಯಿತು. ಹಾಗೆ ಮಾಡಿದರೆ FG +66.67 ಬರುತ್ತದೆ, ಆದರೆ FC ಮಾತ್ರ −16.67, ಸರಿಯಾಗೇ ಬರುತ್ತದೆ! AF ಮತ್ತು FG ಒಂದೇ ನೇರ ಗೆರೆಯಲ್ಲಿವೆ, BF ಸೊನ್ನೆ, ಹಾಗಾಗಿ ರಾಫ್ಟರ್‌ಗೆ ಅಡ್ಡಲಾಗಿ ಬರುವ ಲೋಡನ್ನು ತಡೆಯುವುದು FC ಒಂದೇ, AF ಏನೇ ಇದ್ದರೂ FC ಬದಲಾಗುವುದಿಲ್ಲ. ರಾಫ್ಟರ್‌ನಲ್ಲಿ ದೊಡ್ಡ ಟೆನ್ಷನ್ ಬಂದರೆ ಎರಡು ಸಲ ತಿರುಗಿಸಿದ ತಪ್ಪು. ರಾಫ್ಟರ್ ಸರಿ ಇದ್ದು ಓರೆ ಮೆಂಬರ್ ಮಾತ್ರ ತಿರುಗಿದ್ದರೆ ನನ್ನ ತಪ್ಪು.

ಪರಿಹಾರ ಒಂದೇ. ಗೊತ್ತಿಲ್ಲದ ಮೆಂಬರ್‌ಗಳೆಲ್ಲ ಟೆನ್ಷನ್ ಅಂತ ಬಾಣ ಬರೆಯಿರಿ, ಜಾಯಿಂಟ್‌ನಿಂದ ದೂರಕ್ಕೆ. ಕಂಪ್ರೆಷನ್ ಅಂತ ಖಚಿತವಾಗಿ ಗೊತ್ತಿದ್ದರೂ ಬಾಣ ಮಾತ್ರ ಹೊರಕ್ಕೇ ಇರಲಿ. ಈಗಾಗಲೇ ಸಿಕ್ಕ ಬೆಲೆಯನ್ನು ಮುಂದಿನ ಜಾಯಿಂಟ್‌ಗೆ ಒಯ್ಯುವಾಗಲೂ ಅದೇ, ಬಾಣ ಹೊರಕ್ಕೆ, ಬೆಲೆ ತನ್ನ ಚಿಹ್ನೆಯ ಸಮೇತ. ಆಗ ಲೆಕ್ಕದ ಪ್ಲಸ್ ಮತ್ತು ಟೇಬಲ್‌ನ ಪ್ಲಸ್ ಒಂದೇ ಆಗುತ್ತವೆ.

ಒಂದೇ ಸಾಲಿನಲ್ಲಿ ಬೇರೆ ದಾರಿಯಿಂದ ತಾಳೆ

ಜಾಯಿಂಟ್‌ಗಳ ಲೆಕ್ಕವನ್ನು ಜಾಯಿಂಟ್‌ಗಳಿಂದಲೇ ತಾಳೆ ನೋಡಿದರೆ ಅದೇ ಗುಂಡಿಗೆ ಮತ್ತೆ ಬೀಳಬಹುದು. FG, FC, BC ಮೂರನ್ನೂ ಕತ್ತರಿಸಿ ಎಡ ತುಂಡನ್ನು ಇಟ್ಟುಕೊಳ್ಳಿ. A ಸುತ್ತ ಮೊಮೆಂಟ್ ತೆಗೆದುಕೊಳ್ಳಿ. FG ಗೆರೆ A ಮೂಲಕ ಹಾಯುತ್ತದೆ, BC ಗೆರೆಯೂ A ಮೂಲಕವೇ ಹಾಯುತ್ತದೆ, ರಿಯಾಕ್ಷನ್ A ಯಲ್ಲೇ ಇದೆ. ಎಲ್ಲವೂ ಬಿದ್ದುಹೋಗಿ ಉಳಿಯುವುದು F ಮೇಲಿನ ಲೋಡ್ ಮತ್ತು FC ಮಾತ್ರ. FC ಯ ಬಲವನ್ನು ಅದರದೇ ಗೆರೆಯಲ್ಲಿ C ವರೆಗೆ ಜಾರಿಸಿ. ಅಲ್ಲಿ ಅದರ ಅಡ್ಡ ಭಾಗ A ಯ ಮಟ್ಟದಲ್ಲೇ ಇರುತ್ತದೆ, ಮೊಮೆಂಟ್ ಇಲ್ಲ. ಲಂಬ ಭಾಗಕ್ಕೆ 8 ಮೀಟರ್ ದೂರ.

```
20 × 4 + 0.6(FC) × 8 = 0
FC = -80 / 4.8 = -16.67
```

ರಿಯಾಕ್ಷನ್ ಎಷ್ಟು ಅಂತ ಗೊತ್ತಿರುವುದೂ ಬೇಡ. F ಮೇಲಿನ ಲೋಡ್ ಎಡ ತುಂಡನ್ನು A ಸುತ್ತ ಕೆಳಕ್ಕೆ ತಿರುಗಿಸಲು ನೋಡುತ್ತದೆ. FC ಎಳೆದರೆ ಅದೂ ಅದೇ ಕಡೆಗೆ ತಿರುಗಿಸುತ್ತದೆ, ಇಬ್ಬರೂ ಒಂದೇ ಕಡೆ ನೂಕಿದರೆ ಸಮತೋಲ ಎಲ್ಲಿಂದ ಬರಬೇಕು? ಹಾಗಾಗಿ FC ಒತ್ತಲೇಬೇಕು. ಗೊನೆ ಬಿಟ್ಟ ಬಾಳೆಗೆ ಓರೆಯಾಗಿ ಊರುಗೋಲು ಕೊಡುತ್ತೀರಲ್ಲ, FC ಅದೇ ಕೆಲಸ ಮಾಡುತ್ತಿದೆ, ರಾಫ್ಟರ್‌ಗೆ ಕೆಳಗಿನಿಂದ ಊರು.

ಊರುಗೋಲಿನ ಬುಡ C ಯನ್ನು ಕೆಳಕ್ಕೆ ಒತ್ತುತ್ತದೆ. ಎರಡು ಬದಿಯಿಂದ ತಲಾ 10. ಕೆಳಗಿನ ಟೈ ಅಡ್ಡಲಾಗಿದೆ, ಅದು ಲಂಬವಾಗಿ ಏನೂ ತಡೆಯಲಾರದು. ಹಾಗಾಗಿ C ಯನ್ನು ಮೇಲಿನಿಂದ ಹಿಡಿದುಕೊಳ್ಳುವುದು CG, ಅದು +20, ಟೆನ್ಷನ್. ನೋಡಲು ಕಂಬದ ಹಾಗೆ ನಿಂತಿದೆ, ಮಾಡುವುದು ಹಗ್ಗದ ಕೆಲಸ. ಮಂಗಳೂರು ಹೆಂಚಿನ ಹಳೆಯ ಕಟ್ಟಡಗಳಲ್ಲಿ ನಡುಗಂಬವಿರುವ ಮರದ ಟ್ರಸ್ ಕಂಡರೆ, ಆ ಕಂಬದ ಬುಡವನ್ನು ನೋಡಿ. ಕೆಳಗಿನ ತೊಲೆಯನ್ನು ಕಬ್ಬಿಣದ ಪಟ್ಟಿಯಿಂದ ಕಂಬಕ್ಕೆ ನೇತುಹಾಕಿರುವುದು ಸಾಮಾನ್ಯ. ಕಂಬ ತೊಲೆಯನ್ನು ಒತ್ತುತ್ತಿದ್ದರೆ ಆ ಪಟ್ಟಿಗೆ ಕೆಲಸವೇ ಇರುತ್ತಿರಲಿಲ್ಲ.

"ಓರೆ ಮೆಂಬರ್ ಟೆನ್ಷನ್ ಅಂತ ನೋಟ್ಸ್‌ನಲ್ಲಿದೆ"

ಇದನ್ನೂ ಕೇಳಿದ್ದೀರಿ, ಉತ್ತರ ಕೊಡಬೇಕು. ನೋಟ್ಸ್‌ನಲ್ಲಿರುವುದು ಪ್ರಾಟ್ ಟ್ರಸ್. ನಮ್ಮದು ಹೋ ಟ್ರಸ್‌ನ ಜೋಡಣೆ. ವಿಲಿಯಂ ಹೋ ಅಮೆರಿಕದಲ್ಲಿ 1840 ರಲ್ಲಿ ಸೇತುವೆಗಳಿಗಾಗಿ ಪೇಟೆಂಟ್ ಪಡೆದದ್ದು: ಓರೆ ಮೆಂಬರ್‌ಗಳು ಮರದ್ದು, ನಿಂತವು ಕಬ್ಬಿಣದ ಸರಳು. ಮರ ಒತ್ತನ್ನು ಚೆನ್ನಾಗಿ ತಡೆಯುತ್ತದೆ, ಸರಳು ಎಳೆತವನ್ನು ತಡೆಯುತ್ತದೆ, ನಮ್ಮ FC ಮತ್ತು CG ಯ ಚಿಹ್ನೆ ಅದಕ್ಕೇ ಹೊಂದುತ್ತದೆ. 1844 ರ ಪ್ರಾಟ್ ಪೇಟೆಂಟ್‌ನಲ್ಲಿ ಓರೆ ಮೆಂಬರ್‌ಗಳು ಉಲ್ಟಾ ವಾಲುತ್ತವೆ. ನಮ್ಮ ಟ್ರಸ್‌ನಲ್ಲೇ FC ತೆಗೆದು B ಯಿಂದ G ಗೆ ಮೆಂಬರ್ ಹಾಕಿದರೆ BF ಗೆ −20 ಬರುತ್ತದೆ, BG ಗೆ ಸುಮಾರು +24. ಲೋಡ್ ಅದೇ, ಸ್ಪ್ಯಾನ್ ಅದೇ, ಓರೆ ವಾಲಿದ ದಿಕ್ಕು ಮಾತ್ರ ಬೇರೆ, ಚಿಹ್ನೆ ಬೇರೆ. ಹಾಗಾಗಿ "ಓರೆ ಅಂದರೆ ಟೆನ್ಷನ್" ಅಂತ ಬಾಯಿಪಾಠ ಮಾಡಬೇಡಿ.

ಬರೀ ಚಿಹ್ನೆ ತಾನೇ ಅನ್ನುವವರಿಗೆ

FC ಉದ್ದ 5 ಮೀಟರ್. ಈ 20 ಅನ್ನು ಫ್ಯಾಕ್ಟರ್ ಸೇರಿಸಿದ ಲೋಡ್ ಅಂತಲೇ ಇಟ್ಟುಕೊಳ್ಳಿ. ಟೆನ್ಷನ್ ಅಂತ ನಂಬಿ ಒಂದೇ 75×75×6 ಆಂಗಲ್ ಹಾಕಿದಿರಿ ಅನ್ನೋಣ. ಅದರ ವಿಸ್ತೀರ್ಣ 866 ಚದರ ಮಿಲಿಮೀಟರ್, ಕನಿಷ್ಠ ರೇಡಿಯಸ್ ಆಫ್ ಗೈರೇಶನ್ 14.6 ಮಿಲಿಮೀಟರ್. ಸ್ಲೆಂಡರ್‌ನೆಸ್ 5000 ಭಾಗಿಸು 14.6, ಸುಮಾರು 342. ಗಾಳಿಗೆ ಮಾತ್ರ ಬಲ ತಿರುಗಬಹುದಾದ ರೂಫ್ ಟ್ರಸ್ ಟೈಗೆ ಐಎಸ್ 800:2007 ಕೊಡುವ ಮಿತಿ 350, ಪಾಸ್. 250 ದರ್ಜೆಯ ಸ್ಟೀಲ್‌ನಲ್ಲಿ ಪೂರ್ತಿ ಅಡ್ಡಕೊಯ್ತದ ಯೀಲ್ಡ್ ಸಾಮರ್ಥ್ಯ 1.1 ರಿಂದ ಭಾಗಿಸಿದ ಮೇಲೂ ಸುಮಾರು 197 ಕಿಲೋನ್ಯೂಟನ್. ಬೋಲ್ಟ್ ತೂತಿಗೆ ಒಂದಿಷ್ಟು ಕಳೆದರೂ 16.67 ಅದರ ಮುಂದೆ ಏನೂ ಅಲ್ಲ. ಕಾಗದದ ಮೇಲೆ ಬೇಕಾದಷ್ಟು ಭದ್ರ.

ಈಗ ಅದೇ ಆಂಗಲ್ ಮೇಲೆ ಅದೇ 16.67 ಒತ್ತಾಗಿ ಬರಲಿ. ಎರಡೂ ತುದಿ ಪಿನ್ ಅಂತ ಹಿಡಿದು ಆಯ್ಲರ್ ಲೆಕ್ಕ ಹಾಕಿ.

```
P = π² × 200000 × 866 × 14.6² / 5000²
  ≈ 14600 N = 14.6 kN
```

16.67 ಬರುವ ಮೊದಲೇ ಅದು ಬಾಗಿಬಿಡುತ್ತದೆ. ಇದೂ ಕೂಡ ನೇರವಾದ, ನಟ್ಟನಡುವೆ ಲೋಡ್ ಬಿದ್ದ ಆದರ್ಶ ಕಡ್ಡಿಯ ಲೆಕ್ಕ. ನಿಜವಾದ ಆಂಗಲ್ ಒಂದು ಕಾಲಿನಿಂದ ಮಾತ್ರ ಗಸೆಟ್ ಪ್ಲೇಟ್‌ಗೆ ಸೇರಿರುತ್ತದೆ, ಕೋಡ್ ಇನ್ನೂ ಕಡಿಮೆ ಕೊಡುತ್ತದೆ. ಕಂಪ್ರೆಷನ್ ಮೆಂಬರ್‌ನ ಸ್ಲೆಂಡರ್‌ನೆಸ್ ಮಿತಿ 180, ಅದಕ್ಕೆ ಕನಿಷ್ಠ 27.8 ಮಿಲಿಮೀಟರ್ ರೇಡಿಯಸ್ ಬೇಕು, ಈಗಿರುವುದರ ಹತ್ತಿರ ಹತ್ತಿರ ಎರಡರಷ್ಟು. ಜೋಡಿ ಆಂಗಲ್‌ಗೋ ಪೈಪ್‌ಗೋ ಹೋಗಬೇಕಾಗುತ್ತದೆ. ಅದಕ್ಕೇ ಚಿಹ್ನೆ ತಪ್ಪಿದರೆ ನಾನು ಅರ್ಧ ಅಂಕವನ್ನಲ್ಲ, ಆ ಮೆಂಬರ್‌ನ ಪೂರ್ತಿ ಅಂಕ ಕಳೆಯುವುದು. ಈ ಸಲ ತಪ್ಪು ನನ್ನ ಉತ್ತರದಲ್ಲೇ ಇದ್ದದ್ದರಿಂದ, ಅದನ್ನು ನೋಡಿ ಬರೆದ ಯಾರ ಅಂಕವೂ ಹೋಗುವುದಿಲ್ಲ.

ನೋಟ್ ಬುಕ್‌ನಲ್ಲಿ ತಿದ್ದಬೇಕಾದ್ದು

```
FC = HC = -16.67   ಕಂಪ್ರೆಷನ್
CG = +20           ಟೆನ್ಷನ್
```

ಉಳಿದವು ಹಾಗೇ ಇರಲಿ. ಈಗ G ಯಲ್ಲಿ −20 + 20 + 20 − 20, ಸೊನ್ನೆ. C ಯಲ್ಲಿ 20 − 10 − 10, ಸೊನ್ನೆ. F ನ ಎರಡು ಸಾಲನ್ನು ನೀವೇ ಹಾಕಿ ನೋಡಿ.

G ಯನ್ನು ನಾನು ಮೊದಲೇ ಯಾಕೆ ನೋಡಲಿಲ್ಲ ಅಂದರೆ, ಎಲ್ಲ ಮೆಂಬರ್‌ಗಳೂ ಸಿಕ್ಕಿಬಿಟ್ಟಿದ್ದವು, G ಗೆ ಹೋಗುವ ಅಗತ್ಯವೇ ಕಾಣಲಿಲ್ಲ. 8 ಜಾಯಿಂಟ್‌ಗೆ 16 ಸಮೀಕರಣ, 13 ಮೆಂಬರ್. ರಿಯಾಕ್ಷನ್‌ಗಳನ್ನು ಇಡೀ ಟ್ರಸ್‌ನಿಂದ ಮೊದಲೇ ಕಂಡುಹಿಡಿದರೆ 3 ಸಮೀಕರಣ ಹಾಗೇ ಉಳಿಯುತ್ತವೆ. ಅವು ತಾಳೆ ನೋಡಲಿಕ್ಕೇ ಇರುವುದು. ಯಾವ ಜಾಯಿಂಟನ್ನು ಬಿಡಿಸಲು ಬಳಸಲಿಲ್ಲವೋ ಅಲ್ಲೇ ತಾಳೆ ನೋಡಿ, ಬಳಸಿದ ಜಾಯಿಂಟ್ ನೀವು ಕೊಟ್ಟ ತಪ್ಪಿಗೆ ಹೊಂದಿಕೊಂಡೇ ಇರುತ್ತದೆ, C ನನಗೆ ಹೊಂದಿಕೊಂಡ ಹಾಗೆ.

ಈ ಚಿಹ್ನೆಗಳು ಈ ಲೋಡ್‌ಗೆ ಮಾತ್ರ. ಹಗುರ ಶೀಟ್ ಹೊದಿಸಿದ ಚಾವಣಿಯಲ್ಲಿ ಗಾಳಿಯ ಮೇಲ್ಸೆಳೆತ ಸ್ವಂತ ತೂಕಕ್ಕಿಂತ ಜಾಸ್ತಿಯಾಗಿ, ಮೂರೂ ಜಾಯಿಂಟ್‌ನಲ್ಲಿ ನಿವ್ವಳ ಲೋಡ್ ಸಮನಾಗಿ ಮೇಲ್ಮುಖವಾದರೆ ಎಲ್ಲ ಚಿಹ್ನೆಗಳೂ ತಿರುಗುತ್ತವೆ. FC ಎಳೆತಕ್ಕೆ ಹೋಗುತ್ತದೆ, ಈಗ +40 ಇರುವ ಕೆಳಗಿನ ಟೈ ಒತ್ತಿಗೆ ಬರುತ್ತದೆ. ಮುಂದಿನ ಟ್ಯುಟೋರಿಯಲ್‌ಗೆ ಅದನ್ನೇ ಬಿಡಿಸಿಕೊಂಡು ಬನ್ನಿ: F, G, H ಮೂರರಲ್ಲೂ ಮೇಲ್ಮುಖ 8 ಕಿಲೋನ್ಯೂಟನ್. ಬಾಣ ಮಾತ್ರ ಎಲ್ಲವೂ ಜಾಯಿಂಟ್‌ನಿಂದ ಹೊರಕ್ಕೆ.